ಲಾರ್ಜ್ ಕ್ಯಾಪ್, ಮಿಡ್ ಕ್ಯಾಪ್, ಸ್ಮಾಲ್ ಕ್ಯಾಪ್: ಕೊಡಗಿನ ಹೊಸ ಹೂಡಿಕೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ರೊಬಸ್ಟಾ ಕೊಯ್ಲು ಮುಗಿದು, ಚೆರಿ ಮಾರಿದ ಹಣ ಬ್ಯಾಂಕಿಗೆ ಬೀಳುವ ಹೊತ್ತಿಗೆ ಷೇರಿನ ಮಾತು ನಮ್ಮಲ್ಲಿ ಜೋರಾಗುತ್ತದೆ. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷಗಳಲ್ಲಿ ಮೊದಲ ಬಾರಿಗೆ ಡಿಮ್ಯಾಟ್ ಖಾತೆ ತೆರೆದವರು ಬಹಳ ಮಂದಿ. ಅವರು ಕೇಳುವ ಪ್ರಶ್ನೆಗಳಲ್ಲಿ ಕಂಪನಿಯ ಗಾತ್ರಕ್ಕೆ ಸಂಬಂಧಿಸಿದವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಯಾವ ಷೇರು ಕೊಳ್ಳಬೇಕು ಎಂಬ ಸಲಹೆ ಇಲ್ಲಿಲ್ಲ. ಹೆಚ್ಚು ಗಮನ ಕೊಟ್ಟಿರುವುದು ಒಂದೇ ವಿಷಯಕ್ಕೆ: ಮಾರಲೇಬೇಕಾದ ದಿನ ನಿಮ್ಮ ಷೇರನ್ನು ಕೊಳ್ಳುವವರು ಇರುತ್ತಾರೆಯೇ?

ಯಾವುದು ದೊಡ್ಡ ಕಂಪನಿ, ಯಾವುದು ಸಣ್ಣದು ಎಂದು ಯಾರು ತೀರ್ಮಾನಿಸುತ್ತಾರೆ?

ಒಂದು ಷೇರಿನ ಬೆಲೆಯನ್ನು ಕಂಪನಿಯ ಒಟ್ಟು ಷೇರುಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದು ಮಾರುಕಟ್ಟೆ ಮೌಲ್ಯ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಈ ಮೌಲ್ಯದಲ್ಲಿ ಮೊದಲ 100 ಸ್ಥಾನದಲ್ಲಿರುವ ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250ರವರೆಗಿನವು ಮಿಡ್ ಕ್ಯಾಪ್, 251ರಿಂದ ಮುಂದಿನವೆಲ್ಲ ಸ್ಮಾಲ್ ಕ್ಯಾಪ್. ಮ್ಯೂಚುವಲ್ ಫಂಡ್‌ಗಳ ಸಂಘವಾದ ಆಂಫಿ ಆರು ತಿಂಗಳ ಸರಾಸರಿ ಮೌಲ್ಯ ನೋಡಿ ಜೂನ್ ಮತ್ತು ಡಿಸೆಂಬರ್ ಅಂತ್ಯಕ್ಕೆ ಪಟ್ಟಿಯನ್ನು ಹೊಸದಾಗಿ ಮಾಡುತ್ತದೆ.

ಇದು ರ‍್ಯಾಂಕಿನ ಲೆಕ್ಕ, ಇಂತಿಷ್ಟು ಕೋಟಿ ಎಂಬ ಗೆರೆ ಇಲ್ಲ. 2017ರ ಕೊನೆಯಲ್ಲಿ ಲಾರ್ಜ್ ಕ್ಯಾಪ್ ಆಗಲು ಸುಮಾರು 29 ಸಾವಿರ ಕೋಟಿ ರೂಪಾಯಿ ಮೌಲ್ಯ ಸಾಕಿತ್ತು. 2024ರ ಡಿಸೆಂಬರ್ ಹೊತ್ತಿಗೆ ಅದು ಸುಮಾರು 1 ಲಕ್ಷ ಕೋಟಿಗೆ ಏರಿತ್ತು. ಹಾಗಾಗಿ ಇಂದಿನ ಸ್ಮಾಲ್ ಕ್ಯಾಪ್ ಪಟ್ಟಿಯ ಮೇಲ್ತುದಿಯಲ್ಲಿ ಹತ್ತಾರು ಸಾವಿರ ಕೋಟಿಯ ಕಂಪನಿಗಳೂ ಇವೆ, ಕೆಳತುದಿಯಲ್ಲಿ ನೂರು ಕೋಟಿಯೂ ಇಲ್ಲದವೂ ಇವೆ. ಎರಡಕ್ಕೂ ಹೆಸರು ಒಂದೇ ಆದರೂ ಅಪಾಯ ಒಂದೇ ಅಲ್ಲ. ಯಾರಾದರೂ ‘ಸ್ಮಾಲ್ ಕ್ಯಾಪ್ ತಗೊಳ್ಳಿ’ ಎಂದರೆ, ಎಷ್ಟು ಕೋಟಿಯ ಕಂಪನಿ ಎಂದು ಮೊದಲು ಕೇಳಿ.

ಷೇರಿನ ಬೆಲೆ 20 ರೂಪಾಯಿ ಇದ್ದರೆ ಸಣ್ಣ ಕಂಪನಿ ಅಲ್ವಾ?

ಅಲ್ಲ. ಕೋಟಿಗಟ್ಟಲೆ ಷೇರು ಹಂಚಿರುವ ದೊಡ್ಡ ಕಂಪನಿಯ ಷೇರು 20 ರೂಪಾಯಿಗೆ ಸಿಗಬಹುದು. ಕೆಲವೇ ಲಕ್ಷ ಷೇರು ಇರುವ ಸಣ್ಣ ಕಂಪನಿಯ ಷೇರು 5,000 ರೂಪಾಯಿ ಇರಬಹುದು. ಬೆಲೆ ಕಡಿಮೆ ಎಂದ ಮಾತ್ರಕ್ಕೆ ಷೇರು ಅಗ್ಗವೂ ಅಲ್ಲ.

ಕಂಪನಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತದೆಯೇ?

ಹೋಗುತ್ತದೆ, ಮತ್ತು ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಪೊಲಿಬೆಟ್ಟದ ಟಾಟಾ ಕಾಫಿ, ಹಿರಿಯರ ಬಾಯಲ್ಲಿ ಇನ್ನೂ ಕನ್ಸಾಲಿಡೇಟೆಡ್ ಕಾಫಿ, ಬಹಳ ಕಾಲ ಷೇರುಪೇಟೆಯಲ್ಲಿ ಸ್ಮಾಲ್ ಕ್ಯಾಪ್ ಆಗಿತ್ತು. 2022ರ ಮಾರ್ಚ್‌ನಲ್ಲಿ ಅದನ್ನು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಜೊತೆ ವಿಲೀನ ಮಾಡುವ ಘೋಷಣೆಯಾಯಿತು. 2024ರ ಜನವರಿ 1ರಿಂದ ಅದು ಜಾರಿಗೆ ಬಂತು.

ಲೆಕ್ಕ ಹೀಗಿತ್ತು. ತೋಟದ ವ್ಯವಹಾರ ಬೇರ್ಪಟ್ಟಿದ್ದಕ್ಕೆ ಪ್ರತಿ 22 ಟಾಟಾ ಕಾಫಿ ಷೇರಿಗೆ ಟಾಟಾ ಕನ್ಸ್ಯೂಮರ್‌ನ 1 ಷೇರು. ಉಳಿದ ವ್ಯವಹಾರಕ್ಕೆ ಪ್ರತಿ 55 ಷೇರಿಗೆ 14. ಅಂದರೆ 110 ಟಾಟಾ ಕಾಫಿ ಷೇರು ಇದ್ದವರಿಗೆ 5 ಮತ್ತು 28, ಒಟ್ಟು 33 ಟಾಟಾ ಕನ್ಸ್ಯೂಮರ್ ಷೇರು. ಒಟ್ಟಾರೆ ಹತ್ತಕ್ಕೆ ಮೂರು.

ಅಜ್ಜನ ಕಾಲದಿಂದ ಆ ಷೇರು ಇಟ್ಟುಕೊಂಡ ಮನೆಗಳಿಗೆ ಇದರಿಂದ ಆದ ಬದಲಾವಣೆ ದೊಡ್ಡದು. ಏನನ್ನೂ ಕೊಳ್ಳದೆ, ಏನನ್ನೂ ಮಾರದೆ, ಸ್ಮಾಲ್ ಕ್ಯಾಪ್ ಹಿಡಿದವರು 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರ ಕಂಪನಿಯೊಂದರ ಷೇರುದಾರರಾದರು. ಮೊದಲು ಅವರ ಲಾಭನಷ್ಟ ಮುಖ್ಯವಾಗಿ ಕಾಫಿಯ ಮೇಲೆ ನಿಂತಿತ್ತು. ಈಗ ಚಹಾ, ಉಪ್ಪು, ಬೇಳೆಕಾಳಿನ ಮಾರಾಟದ ಮೇಲೂ ನಿಂತಿದೆ. ಇಂಥ ಷೇರು ಮನೆಯಲ್ಲಿದ್ದರೆ ‘ನಮ್ಮದು ಕಾಫಿ ಕಂಪನಿ ಷೇರು’ ಎಂಬ ಹಳೆಯ ಲೆಕ್ಕವನ್ನು ಬಿಡಬೇಕು.

ಕೆಳಮುಖವಾಗಿಯೂ ಇದೇ ಸಂಚಾರ ನಡೆಯುತ್ತದೆ. ವಿಲೀನ, ಬೆಳವಣಿಗೆಗಳಿಂದ ಮೇಲೆ ಹೋದವರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಲಾರ್ಜ್ ಕ್ಯಾಪ್‌ನಿಂದ ಜಾರಿದವರ ಸುದ್ದಿ ಅವರ ಷೇರುದಾರರನ್ನು ಬಿಟ್ಟು ಬೇರೆಯವರಿಗೆ ನೆನಪಿರುವುದಿಲ್ಲ.

ಸಣ್ಣ ಕಂಪನಿಗಳು ಬೇಗ ಬೆಳೆಯುತ್ತವೆ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ವರ್ಷಕ್ಕೆ 200 ಕೋಟಿ ವ್ಯಾಪಾರ ಮಾಡುವ ಕಂಪನಿ ಒಂದು ಹೊಸ ಘಟಕ ಹಾಕಿ, ಇಬ್ಬರು ದೊಡ್ಡ ಗ್ರಾಹಕರನ್ನು ಹಿಡಿದರೆ 400 ಕೋಟಿಗೆ ಹೋಗಬಹುದು. 2 ಲಕ್ಷ ಕೋಟಿ ವ್ಯಾಪಾರದ ಕಂಪನಿ ದುಪ್ಪಟ್ಟಾಗಲು ದೇಶದ ಖರೀದಿಯೇ ಅಷ್ಟು ಬೆಳೆಯಬೇಕು. ಇದು ನಿಜವಾದ ಅರ್ಧ.

ಇನ್ನರ್ಧ ಏನೆಂದರೆ, ಇಬ್ಬರು ಗ್ರಾಹಕರಿಂದ ಬೆಳೆದ ಕಂಪನಿ ಒಬ್ಬ ಗ್ರಾಹಕ ಕೈಬಿಟ್ಟರೆ ಅಷ್ಟೇ ಬೇಗ ಕುಗ್ಗುತ್ತದೆ. ಒಂದೇ ಕಾರ್ಖಾನೆ, ಒಂದೇ ಉತ್ಪನ್ನ, ನಿರ್ಧಾರ ಮಾಡುವವರು ಒಬ್ಬರೇ. ಬ್ಯಾಂಕು ಬಡ್ಡಿ ಏರಿಸಿದರೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಮತ್ತೊಂದು ಸಂಗತಿಯನ್ನು ಹೊಸಬರು ಗಮನಿಸುವುದಿಲ್ಲ. ಇಂದಿನ ದೊಡ್ಡ ಕಂಪನಿಗಳು ಒಂದು ಕಾಲದಲ್ಲಿ ಸಣ್ಣವಾಗಿದ್ದವು ಎಂದು ಎಲ್ಲರೂ ತೋರಿಸುತ್ತಾರೆ. ಅದೇ ಕಾಲದಲ್ಲಿ ಸಣ್ಣವಾಗಿದ್ದು, ಸಣ್ಣದಾಗಿಯೇ ಉಳಿದ ಅಥವಾ ಮುಚ್ಚಿಹೋದ ಕಂಪನಿಗಳ ಪಟ್ಟಿ ಯಾರ ಕೈಯಲ್ಲೂ ಇರುವುದಿಲ್ಲ, ಅದು ಬಹಳ ಉದ್ದವಿದ್ದರೂ.

ಏರಿಳಿತ ಎಷ್ಟು ಜಾಸ್ತಿ? ನಿಜವಾದ ಉದಾಹರಣೆ ಕೊಡಿ.

2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ದಾಟಿತ್ತು. 2009ರ ಮಾರ್ಚ್ ಹೊತ್ತಿಗೆ ಅದು ಸುಮಾರು 8,200ಕ್ಕೆ ಇಳಿಯಿತು, ಅಂದರೆ ಸುಮಾರು ಶೇ 60ರಷ್ಟು ಕುಸಿತ. ಅದೇ ಅವಧಿಯಲ್ಲಿ ಬಿಎಸ್‌ಇ ಸ್ಮಾಲ್ ಕ್ಯಾಪ್ ಸೂಚ್ಯಂಕ ಕುಸಿದದ್ದು ಸುಮಾರು ಶೇ 80. ಕೇಳುವಾಗ 60ಕ್ಕೂ 80ಕ್ಕೂ ವ್ಯತ್ಯಾಸ ಸಣ್ಣದು ಅನಿಸುತ್ತದೆ. ರೂಪಾಯಿಯಲ್ಲಿ ನೋಡಿ: 1 ಲಕ್ಷ ಹಾಕಿದವರ ಬಳಿ ಒಂದು ಕಡೆ 40 ಸಾವಿರ ಉಳಿಯಿತು, ಇನ್ನೊಂದು ಕಡೆ 20 ಸಾವಿರ. ನಲವತ್ತು ಸಾವಿರ ಮತ್ತೆ ಲಕ್ಷವಾಗಲು ಎರಡೂವರೆ ಪಟ್ಟು ಬೆಳೆದರೆ ಸಾಕು. ಇಪ್ಪತ್ತು ಸಾವಿರ ಐದು ಪಟ್ಟು ಬೆಳೆಯಬೇಕು. ಸೆನ್ಸೆಕ್ಸ್ ತನ್ನ ಹಳೆಯ ಶಿಖರವನ್ನು 2013ರ ಕೊನೆಯಲ್ಲಿ ದಾಟಿತು. ಸ್ಮಾಲ್ ಕ್ಯಾಪ್ ಸೂಚ್ಯಂಕ ದಾಟಿದ್ದು 2017ರಲ್ಲಿ.

ಇನ್ನೊಂದು ಉದಾಹರಣೆ 2018ರದು. ಆ ವರ್ಷ ನಿಫ್ಟಿ 50 ಸುಮಾರು ಶೇ 3ರಷ್ಟು ಏರಿತು. ನಿಫ್ಟಿ ಸ್ಮಾಲ್ ಕ್ಯಾಪ್ 250 ಕಾಲು ಭಾಗದಷ್ಟು ಬಿತ್ತು. ‘ಮಾರ್ಕೆಟ್ ಚೆನ್ನಾಗಿದೆ’ ಎಂದು ಟಿವಿಯಲ್ಲಿ ಹೇಳುತ್ತಿದ್ದಾಗ ಸಣ್ಣ ಕಂಪನಿಗಳ ಷೇರು ಹಿಡಿದವರ ಖಾತೆ ಕೆಂಪಾಗಿತ್ತು. 2018 ನಮಗೆ ಬೇರೆ ಕಾರಣಕ್ಕೂ ನೆನಪಿದೆ. ಆಗಸ್ಟ್‌ನ ಮಳೆ, ಭೂಕುಸಿತದಲ್ಲಿ ತೋಟ ಮನೆ ಕಳೆದುಕೊಂಡವರಿಗೆ ತುರ್ತಾಗಿ ಹಣ ಬೇಕಾದದ್ದು ಅದೇ ವರ್ಷ. ಕಷ್ಟ ಬರುವಾಗ ಷೇರುಪೇಟೆ ಮೇಲಿರಬೇಕೆಂಬ ನಿಯಮ ಇಲ್ಲ.

ಮಾರಲು ಹೋದಾಗ ಸ್ಮಾಲ್ ಕ್ಯಾಪ್‌ನಲ್ಲಿ ಬೇರೆ ಏನು ಆಗುತ್ತದೆ?

ನನ್ನ ಪ್ರಕಾರ ಹೊಸಬರು ಮೊದಲು ತಿಳಿಯಬೇಕಾದದ್ದು ಇದೇ. ಗೋಣಿಕೊಪ್ಪದಲ್ಲಿ ರೊಬಸ್ಟಾ ಚೆರಿ ಮಾರುವುದು ಒಂದು ಬಗೆ, ರಸ್ತೆಯಿಲ್ಲದ ಊರಿನ ತೋಟ ಮಾರುವುದು ಇನ್ನೊಂದು ಬಗೆ. ಚೆರಿಗೆ ಆ ದಿನದ ಬೆಲೆ ಇದೆ, ಕೊಳ್ಳುವವರೂ ಇದ್ದಾರೆ. ತೋಟಕ್ಕೆ ಬೆಲೆ ಇದೆ ಎಂದು ಎಲ್ಲರೂ ಹೇಳುತ್ತಾರೆ, ಕೊಳ್ಳುವವರು ಬಂದಾಗ ತಾನೇ ಅದು ಗೊತ್ತಾಗುವುದು.

ಆ್ಯಪ್‌ನಲ್ಲಿ ಮಾರ್ಕೆಟ್ ಡೆಪ್ತ್ ಎಂಬ ಜಾಗ ಇರುತ್ತದೆ. ಯಾರು ಎಷ್ಟು ಬೆಲೆಗೆ ಎಷ್ಟು ಷೇರು ಕೊಳ್ಳಲು ನಿಂತಿದ್ದಾರೆ ಎಂದು ಅಲ್ಲಿ ಕಾಣುತ್ತದೆ. ದೊಡ್ಡ ಕಂಪನಿಯಲ್ಲಿ ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ಕೆಲವು ಪೈಸೆ ಅಂತರ, ಪ್ರತಿ ಬೆಲೆಯಲ್ಲೂ ನೂರಾರು, ಸಾವಿರಾರು ಷೇರಿಗೆ ಬೇಡಿಕೆ. ಈಗ ಒಂದು ಸಣ್ಣ ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಕೊನೆಯ ವಹಿವಾಟು ನಡೆದದ್ದು 184 ರೂಪಾಯಿಗೆ. ನಿಮ್ಮ ಹತ್ತಿರ 500 ಷೇರು ಇದೆ, ಆ್ಯಪ್ ಅದನ್ನು 92,000 ರೂಪಾಯಿ ಎಂದು ತೋರಿಸುತ್ತಿದೆ. ಕೊಳ್ಳುವವರ ಸಾಲಿನಲ್ಲಿ 182ಕ್ಕೆ 40 ಷೇರು, 180.50ಕ್ಕೆ 110, 178ಕ್ಕೆ 200, 171ಕ್ಕೆ 150 ಇವೆ. ಸಿಕ್ಕ ಬೆಲೆಗೆ ತಕ್ಷಣ ಮಾರುವ ಮಾರ್ಕೆಟ್ ಆರ್ಡರ್ ಹಾಕಿದರೆ ನಿಮ್ಮ 500 ಷೇರು ಈ ನಾಲ್ಕೂ ಮೆಟ್ಟಿಲು ಇಳಿದು ಹೋಗುತ್ತದೆ. ಕೈಗೆ ಬರುವುದು 88,385 ರೂಪಾಯಿ. ಯಾವ ಕೆಟ್ಟ ಸುದ್ದಿಯೂ ಇಲ್ಲದ ಸಾಮಾನ್ಯ ದಿನದಲ್ಲೇ 3,615 ರೂಪಾಯಿ, ಹತ್ತಿರ ಹತ್ತಿರ ಶೇ 4, ಹೋಯಿತು. ಆಮೇಲೆ ಕೊನೆಯ ಬೆಲೆ 171 ಎಂದು ಕಾಣುತ್ತದೆ, ಅದನ್ನು ನೋಡಿ ಇನ್ನೊಬ್ಬರು ಹೆದರುತ್ತಾರೆ.

ಆದ್ದರಿಂದ ಇಂಥ ಷೇರಿನಲ್ಲಿ ಮಾರ್ಕೆಟ್ ಆರ್ಡರ್ ಬೇಡ, ಲಿಮಿಟ್ ಆರ್ಡರ್ ಹಾಕಿ. ‘180.50ಕ್ಕಿಂತ ಕೆಳಗೆ ಮಾರುವುದಿಲ್ಲ’ ಎಂದು ಹೇಳುವ ಹಕ್ಕು ನಿಮಗೆ ಅದರಲ್ಲಿ ಸಿಗುತ್ತದೆ. ಆದರೆ ಅಂದು 150 ಷೇರು ಮಾತ್ರ ಹೋಗಿ, ಉಳಿದದ್ದಕ್ಕೆ ಕಾಯಬೇಕಾಗಬಹುದು. ಕೊಳ್ಳುವ ಮುಂಚೆಯೇ ಡೆಪ್ತ್ ನೋಡಿ, ದಿನಕ್ಕೆ ಎಷ್ಟು ಷೇರು ಕೈಬದಲಾಗುತ್ತದೆ ಎಂದೂ ನೋಡಿ.

ಲೋವರ್ ಸರ್ಕ್ಯೂಟ್ ಎಂದರೆ ಏನು?

ಒಂದು ದಿನದಲ್ಲಿ ಬೆಲೆ ಎಷ್ಟು ಇಳಿಯಬಹುದು ಎಂಬುದಕ್ಕೆ ಷೇರು ವಿನಿಮಯ ಕೇಂದ್ರ ಹಾಕಿರುವ ಗಡಿ. ಷೇರನ್ನು ನೋಡಿ ಶೇ 2, 5, 10 ಅಥವಾ 20 ಎಂದು ಇಟ್ಟಿರುತ್ತಾರೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಇರುವ ಷೇರುಗಳಿಗೆ, ಅಂದರೆ ಬಹುತೇಕ ದೊಡ್ಡ ಕಂಪನಿಗಳಿಗೆ, ಹೀಗೆ ಗಟ್ಟಿ ಗಡಿ ಇಲ್ಲ.

ಶೇ 5ರ ಗಡಿ ಇರುವ 100 ರೂಪಾಯಿಯ ಷೇರಿಗೆ ಕೆಟ್ಟ ಸುದ್ದಿ ಬಂತು ಎನ್ನಿ. ಮೊದಲ ದಿನ 95, ಎರಡನೇ ದಿನ 90.25, ಹೀಗೆ ಐದನೇ ದಿನಕ್ಕೆ ಸುಮಾರು 77. ಈ ಐದು ದಿನವೂ ಮಾರುವವರ ಸಾಲು ಉದ್ದ, ಕೊಳ್ಳುವವರ ಸಾಲಿನಲ್ಲಿ ಸೊನ್ನೆ. ಬೆಲೆ ಕಾಣುತ್ತದೆ, ಆ ಬೆಲೆಗೆ ಮಾರಲು ಆಗುವುದಿಲ್ಲ. ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಸ್ಟಾಪ್ ಲಾಸ್ ಹಾಕಿದ್ದೇನೆ ಎಂಬ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು, ಅದಕ್ಕೂ ಎದುರಿಗೆ ಕೊಳ್ಳುವವರು ಬೇಕಲ್ಲ.

ಕಾಫಿ ಬೆಳೆಗಾರರು ಬಹಳಷ್ಟು ಮಂದಿ ನೋಡಿದ ಉದಾಹರಣೆ ಚಿಕ್ಕಮಗಳೂರಿನ ಕಡೆಯದು. ಕಾಫಿ ಡೇ ಎಂಟರ್‌ಪ್ರೈಸಸ್ 2015ರ ಅಕ್ಟೋಬರ್‌ನಲ್ಲಿ ಒಂದಕ್ಕೆ 328 ರೂಪಾಯಿಯಂತೆ ಐಪಿಒ ತಂದಿತು. ಹೆಸರು ಗೊತ್ತು, ಕಾಫಿ ಗೊತ್ತು ಎಂದು ಕೊಂಡವರು ನಮ್ಮಲ್ಲೂ ಇದ್ದರು. 2019ರ ಜುಲೈ ಕೊನೆಯಲ್ಲಿ ಷೇರು ಮೇಲಿಂದ ಮೇಲೆ ಲೋವರ್ ಸರ್ಕ್ಯೂಟ್‌ಗೆ ಬಿತ್ತು. ಮುಂದೆ ಫಲಿತಾಂಶ ಸಲ್ಲಿಸದ ಕಾರಣಕ್ಕೆ 2020ರ ಫೆಬ್ರವರಿಯಲ್ಲಿ ವಹಿವಾಟೇ ಅಮಾನತಾಯಿತು. ಮತ್ತೆ ಶುರುವಾದದ್ದು 2021ರ ಏಪ್ರಿಲ್‌ನಲ್ಲಿ. ನಡುವಿನ ಒಂದು ವರ್ಷಕ್ಕೂ ಹೆಚ್ಚು ಕಾಲ, ಎಷ್ಟೇ ನಷ್ಟಕ್ಕೆ ಒಪ್ಪಿದರೂ ವಿನಿಮಯ ಕೇಂದ್ರದಲ್ಲಿ ಮಾಮೂಲಿನಂತೆ ದಿನವೂ ಮಾರುವ ದಾರಿ ಇರಲಿಲ್ಲ.

ಹಾಗಾದರೆ ಲಾರ್ಜ್ ಕ್ಯಾಪ್ ಸುರಕ್ಷಿತವೇ?

ಸುರಕ್ಷಿತ ಎಂಬ ಪದವನ್ನು ನಾನು ಬಳಸುವುದಿಲ್ಲ. ಯೆಸ್ ಬ್ಯಾಂಕ್ ನಿಫ್ಟಿ 50ರಲ್ಲಿದ್ದ ಬ್ಯಾಂಕು. 2018ರ ಆಗಸ್ಟ್‌ನಲ್ಲಿ 400 ರೂಪಾಯಿಯ ಹತ್ತಿರ ಇದ್ದ ಅದರ ಷೇರು 2020ರ ಮಾರ್ಚ್ 6ರಂದು ಒಂದು ಹಂತದಲ್ಲಿ 10 ರೂಪಾಯಿಗಿಂತ ಕೆಳಗೆ ಹೋಯಿತು. ದೊಡ್ಡ ಕಂಪನಿಯೂ ಮುಳುಗಬಹುದು. ವ್ಯತ್ಯಾಸ ಏನೆಂದರೆ, ಆ ಹದಿನೆಂಟು ತಿಂಗಳ ದಾರಿಯುದ್ದಕ್ಕೂ ಪ್ರತಿದಿನ ಕೊಳ್ಳುವವರು ಇದ್ದರು. 300ಕ್ಕೆ, 200ಕ್ಕೆ, 80ಕ್ಕೆ ಹೊರಬರಲು ಮನಸ್ಸು ಮಾಡಿದವರಿಗೆ ಅವಕಾಶ ಇತ್ತು. ಅದಕ್ಕೇ ಒಂದೇ ದೊಡ್ಡ ಕಂಪನಿಯನ್ನು ನಂಬುವುದಕ್ಕಿಂತ ಸೂಚ್ಯಂಕದ ಎಲ್ಲ ಕಂಪನಿಗಳನ್ನೂ ಒಟ್ಟಿಗೆ ಕೊಳ್ಳುವ ನಿಫ್ಟಿ 50 ಅಥವಾ ನಿಫ್ಟಿ 100 ಇಂಡೆಕ್ಸ್ ಫಂಡ್ ಹೊಸಬರಿಗೆ ಮೇಲು.

ಮಿಡ್ ಕ್ಯಾಪ್ ನಡುವಿನ ದಾರಿ ಅಲ್ವಾ?

ಗಾತ್ರದಲ್ಲಿ ನಡುವೆ. ಏರಿಳಿತದಲ್ಲಿ ಅದು ಲಾರ್ಜ್ ಕ್ಯಾಪ್‌ಗಿಂತ ಸ್ಮಾಲ್ ಕ್ಯಾಪ್‌ಗೆ ಹತ್ತಿರ ವರ್ತಿಸುವ ದಿನಗಳು ಬಹಳ, ಅದರಲ್ಲೂ ಎಲ್ಲರೂ ಮಾರಲು ಓಡುವಾಗ. ಬರೀ 150 ಕಂಪನಿಗಳ ಗುಂಪು ಇದು. ಫಂಡ್‌ಗಳ ಹಣ ಒಮ್ಮೆಲೇ ಇಲ್ಲಿಗೆ ಹರಿದರೆ ಲಾಭಕ್ಕಿಂತ ವೇಗವಾಗಿ ಬೆಲೆ ಏರಿಬಿಡುತ್ತದೆ. ಕಂಪನಿ ಚೆನ್ನಾಗಿದ್ದರೂ ಕೊಂಡ ಬೆಲೆ ದುಬಾರಿಯಾದರೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಸ್ಮಾಲ್ ಕ್ಯಾಪ್ ಫಂಡ್ ಕೊಂಡರೆ ಈ ಮಾರುವ ತೊಂದರೆ ಇರುವುದಿಲ್ಲ ತಾನೇ?

ನಿಮಗೆ ನೇರವಾಗಿ ಇರುವುದಿಲ್ಲ. ಯೂನಿಟ್ ಮಾರಿದರೆ ಕೆಲವು ಕೆಲಸದ ದಿನಗಳಲ್ಲಿ ಹಣ ಬರುತ್ತದೆ. ಆದರೆ ಆ ತೊಂದರೆಯನ್ನು ಈಗ ಫಂಡ್ ಮ್ಯಾನೇಜರ್ ಹೊತ್ತುಕೊಂಡಿರುತ್ತಾರೆ. ಸ್ಮಾಲ್ ಕ್ಯಾಪ್ ಫಂಡ್ ತನ್ನ ಹಣದಲ್ಲಿ ಶೇ 65ನ್ನಾದರೂ 251ರಿಂದ ಮುಂದಿನ ಕಂಪನಿಗಳಲ್ಲಿ ಇಡಬೇಕು. ಸಾವಿರಾರು ಜನ ಒಟ್ಟಿಗೆ ಹಣ ವಾಪಸ್ ಕೇಳಿದರೆ ಮ್ಯಾನೇಜರ್ ಅದೇ ಬಡಕಲು ಸಾಲಿನಲ್ಲಿ ನಿಂತು ಮಾರಬೇಕು, ಆಗ ಎಲ್ಲರ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಇಳಿಯುತ್ತದೆ.

ಇದನ್ನು ಅಳೆಯಲು ಒಂದು ಸಾಧನ ಇದೆ. 2024ರ ಮಾರ್ಚ್‌ನಿಂದ ಮಿಡ್ ಕ್ಯಾಪ್ ಮತ್ತು ಸ್ಮಾಲ್ ಕ್ಯಾಪ್ ಫಂಡ್‌ಗಳು ಪ್ರತಿ ತಿಂಗಳು ‘ಸ್ಟ್ರೆಸ್ ಟೆಸ್ಟ್’ ಪ್ರಕಟಿಸುತ್ತಿವೆ. ತಮ್ಮಲ್ಲಿರುವ ಷೇರುಗಳ ಕಾಲು ಭಾಗ ಮಾರಲು ಎಷ್ಟು ದಿನ ಬೇಕು, ಅರ್ಧ ಮಾರಲು ಎಷ್ಟು ದಿನ ಬೇಕು ಎಂಬ ಅಂಕಿ ಅದರಲ್ಲಿದೆ. ಫಂಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಫಂಡ್ ದೊಡ್ಡದಾದಂತೆ ಈ ದಿನಗಳು ಸಾಮಾನ್ಯವಾಗಿ ಹೆಚ್ಚುತ್ತವೆ. ‘ಮೂರು ವರ್ಷದಲ್ಲಿ ಎಷ್ಟು ಕೊಟ್ಟಿದೆ’ ಎಂದು ನೋಡುವವರು ಈ ಸಾಲನ್ನೂ ನೋಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ವರ್ಷಕ್ಕೊಮ್ಮೆ ಹಣ ಬರುವ ನಮಗೆ ಹಂಚಿಕೆ ಹೇಗಿರಬೇಕು? ಒಂದು ಲೆಕ್ಕ ಮಾಡಿ ತೋರಿಸಿ.

ಸಿದ್ದಾಪುರದ ಕಡೆ ಐದು ಎಕರೆ ರೊಬಸ್ಟಾ ಇರುವ ಕುಟುಂಬ ಎಂದುಕೊಳ್ಳಿ. ಕೊಯ್ಲಿನ ಕೂಲಿ, ಗೊಬ್ಬರ, ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್, ಮಳೆಗಾಲದ ಮನೆ ಖರ್ಚು ಎಲ್ಲ ತೆಗೆದಿಟ್ಟ ಮೇಲೆ 3 ಲಕ್ಷ ಉಳಿದಿದೆ. ಇನ್ನೆರಡು ವರ್ಷದಲ್ಲಿ ಮಗಳ ಕಾಲೇಜಿಗೆ 1.2 ಲಕ್ಷ ಬೇಕು. ಆ 1.2 ಲಕ್ಷ ಯಾವ ಕ್ಯಾಪ್‌ಗೂ ಬೇಡ, ಎಫ್‌ಡಿಯಲ್ಲಿರಲಿ. ಏಳೆಂಟು ವರ್ಷ ಮುಟ್ಟದ ಹಣ 1.8 ಲಕ್ಷ ಮಾತ್ರ.

ಅದನ್ನು 1.2 ಲಕ್ಷ ಲಾರ್ಜ್ ಕ್ಯಾಪ್ ಇಂಡೆಕ್ಸ್ ಫಂಡ್, 40 ಸಾವಿರ ಮಿಡ್ ಕ್ಯಾಪ್, 20 ಸಾವಿರ ಸ್ಮಾಲ್ ಕ್ಯಾಪ್ ಎಂದು ಹಂಚಿದರು ಎನ್ನೋಣ. ಕೆಟ್ಟ ಕಾಲ ಬಂದು ಮೂರೂ ಕ್ರಮವಾಗಿ ಶೇ 35, 45, 60 ಬಿದ್ದವು ಎಂದು ಇಟ್ಟುಕೊಳ್ಳಿ. ಉಳಿಯುವುದು 78 ಸಾವಿರ, 22 ಸಾವಿರ ಮತ್ತು 8 ಸಾವಿರ, ಒಟ್ಟು 1.08 ಲಕ್ಷ. ಪೂರ್ತಿ ಸ್ಮಾಲ್ ಕ್ಯಾಪ್‌ಗೆ ಹಾಕಿದ್ದರೆ ಉಳಿಯುತ್ತಿದ್ದುದು 72 ಸಾವಿರ. 1.08 ಲಕ್ಷ ನೋಡಿಯೂ ಎದೆ ಧಸಕ್ಕೆನ್ನುತ್ತದೆ, ನಿಜ. ಆ ಮೊತ್ತವನ್ನು ನೋಡಿದಾಗ ನಿಮ್ಮ ಕೈ ಮಾರುವ ಬಟನ್ ಕಡೆ ಹೋಗುತ್ತದೆ ಅನಿಸಿದರೆ, ಲಾರ್ಜ್ ಕ್ಯಾಪ್ ಪಾಲನ್ನೂ ತಗ್ಗಿಸಿ.

ಒಂದೇ ದಿನ ಪೂರ್ತಿ ಹಾಕುವುದೂ ಬೇಡ. 1.8 ಲಕ್ಷವನ್ನು ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಇಡುವ ಲಿಕ್ವಿಡ್ ಫಂಡ್‌ನಲ್ಲಿಟ್ಟು, ಅದೇ ಫಂಡ್ ಸಂಸ್ಥೆಯಲ್ಲಿ ಎಸ್‌ಟಿಪಿ ಎಂಬ ತಾನಾಗಿ ನಡೆಯುವ ವರ್ಗಾವಣೆಯ ಮೂಲಕ ತಿಂಗಳಿಗೆ 15 ಸಾವಿರದಂತೆ ಹನ್ನೆರಡು ತಿಂಗಳು ವರ್ಗಾಯಿಸಬಹುದು. ಜುಲೈ ತಿಂಗಳಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು, ನೆಟ್‌ವರ್ಕ್ ಇಲ್ಲದಿದ್ದರೂ ಅದು ತನ್ನಷ್ಟಕ್ಕೆ ನಡೆಯುತ್ತದೆ. ದಿನವೂ ನೋಡಿ ನಿರ್ಧರಿಸಬೇಕಾದ ಬಿಡಿ ಸ್ಮಾಲ್ ಕ್ಯಾಪ್ ಷೇರು ನಮ್ಮ ಮಳೆಗಾಲಕ್ಕೆ ಒಗ್ಗುವುದಿಲ್ಲ.

ಕಾಫಿ ನಮಗೆ ಗೊತ್ತು. ಕಾಫಿ ಕಂಪನಿಗಳ ಷೇರನ್ನೇ ಕೊಂಡರೆ ಒಳ್ಳೆಯದಲ್ವಾ?

ತೋಟ ಇರುವವರಿಗೆ ನನ್ನ ಉತ್ತರ ಬೇಡ ಎಂದು. ನಿಮ್ಮ ಜಮೀನು, ವರ್ಷದ ಆದಾಯ, ಬ್ಯಾಂಕಿನ ಬೆಳೆಸಾಲ ಎಲ್ಲವೂ ಈಗಾಗಲೇ ಕಾಫಿಯ ಮೇಲೆ ನಿಂತಿವೆ. ತೋಟಗಳನ್ನು ಹೊಂದಿರುವ ಕಂಪನಿಗೆ ಬೆಲೆ ಬಿದ್ದರೆ ನಿಮಗೂ ಬೀಳುತ್ತದೆ, ಎರಡು ಏಟು ಒಟ್ಟಿಗೆ. ಪುಡಿ ಅಥವಾ ಇನ್‌ಸ್ಟಂಟ್ ಕಾಫಿ ಮಾಡುವ ಕಂಪನಿಗೆ ಬೀಜದ ಬೆಲೆ ಖರ್ಚು, ಅಲ್ಲಿ ಲೆಕ್ಕ ಉಲ್ಟಾ ಆಗುವುದೂ ಉಂಟು. ಅಷ್ಟನ್ನು ವಾರ್ಷಿಕ ವರದಿಯಲ್ಲಿ ಓದಿ ತಿಳಿಯದೆ ‘ಕಾಫಿ ಗೊತ್ತು’ ಎನ್ನುವುದು ಸಾಲದು.

ಬಿಡಿ ಸ್ಮಾಲ್ ಕ್ಯಾಪ್ ಷೇರು ಕೊಳ್ಳಲೇಬೇಕೆಂದರೆ ಏನು ನೋಡಬೇಕು?

ಮೂರು ತಿಂಗಳಿಗೊಮ್ಮೆ ಕಂಪನಿಗಳು ವಿನಿಮಯ ಕೇಂದ್ರಕ್ಕೆ ಕೊಡುವ ಷೇರುದಾರರ ವಿವರದಲ್ಲಿ, ಪ್ರವರ್ತಕರು ತಮ್ಮ ಷೇರು ಅಡವಿಟ್ಟಿದ್ದಾರೆಯೇ ಎಂದು ನೋಡಿ. ಅಡವಿಟ್ಟಿದ್ದರೆ, ಬೆಲೆ ಇಳಿದಾಗ ಸಾಲ ಕೊಟ್ಟವರು ಅದನ್ನು ಮಾರುಕಟ್ಟೆಗೆ ತಂದು ಸುರಿಯುತ್ತಾರೆ, ಇಳಿಕೆ ಇನ್ನಷ್ಟು ಜೋರಾಗುತ್ತದೆ. ಲಾಭ ಇದೆ ಎಂದು ಹೇಳಿ ಕೈಗೆ ನಗದು ಬಾರದ ಕಂಪನಿಯನ್ನೂ, ನಡುವೆಯೇ ಲೆಕ್ಕಪರಿಶೋಧಕರು ಬಿಟ್ಟುಹೋದ ಕಂಪನಿಯನ್ನೂ ದೂರ ಇಡಿ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿನಲ್ಲಿ ಹೆಸರು ಬಂದು ದಿನವೂ ಏರಿಕೆಯ ಗಡಿ ಮುಟ್ಟಿ ಅಪ್ಪರ್ ಸರ್ಕ್ಯೂಟ್ ಆಗುತ್ತಿರುವ ಷೇರನ್ನು ಮುಟ್ಟಲೇಬೇಡಿ. ನಿಮಗೆ ಮಾರಿ ಹೊರಹೋಗಲೆಂದೇ ಅದನ್ನು ಏರಿಸಿರುತ್ತಾರೆ.

ತೆರಿಗೆಯಲ್ಲಿ ವ್ಯತ್ಯಾಸ ಇದೆಯೇ?

ಗಾತ್ರ ನೋಡಿ ತೆರಿಗೆ ಇಲ್ಲ. 2024ರ ಜುಲೈ 23ರ ನಂತರದ ನಿಯಮದಂತೆ, ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20. ವರ್ಷ ದಾಟಿದ ಮೇಲೆ ಮಾರಿದರೆ, ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5. ಕಾಫಿ ಮಾರಿದ ಹಣದಿಂದಲೇ ಕೊಂಡಿದ್ದರೂ ಷೇರಿನ ಲಾಭ ಕೃಷಿ ಆದಾಯ ಆಗುವುದಿಲ್ಲ, ರಿಟರ್ನ್ಸ್‌ನಲ್ಲಿ ಬೇರೆಯಾಗಿಯೇ ತೋರಿಸಬೇಕು.